ಬಾಣ ತಿರುಗಿತು, ಪತ್ರ ಉದ್ದವಾಯಿತು

"ಹಳೇ ಚಿತ್ರದಲ್ಲೂ ಹತ್ತು ಡಬ್ಬಿ, ಹೊಸ ಚಿತ್ರದಲ್ಲೂ ಹತ್ತು ಡಬ್ಬಿ. ಏನು ಬದಲಾಗಿದೆ ಅಂತ ಹುಡುಕೋದು ನಮ್ಮ ಕೆಲಸಾನಾ ಇವರೇ?"

ಹೀಗೆ ಕೇಳಿದವರು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಮುಂದಿದ್ದದ್ದು ಎರಡು ದೊಡ್ಡ ಹಾಳೆಗಳು. ಎರಡರಲ್ಲೂ ಅವರ ಕೊಳಚೆ ನೀರು ಶುದ್ಧೀಕರಣ ಘಟಕದ, ಎಲ್ಲರ ಬಾಯಲ್ಲಿ ಎಸ್‌ಟಿಪಿ ಎಂದಾಗಿರುವುದರ, ಪ್ರಕ್ರಿಯೆಯ ಚಿತ್ರವಿತ್ತು. ಒಂದರ ಮೂಲೆಯಲ್ಲಿ 'ಎ' ಎಂದಿತ್ತು, ಇನ್ನೊಂದರಲ್ಲಿ 'ಬಿ'. ಜೊತೆಗೆ ನಾನು ಕಳಿಸಿದ್ದ ಪತ್ರದಲ್ಲಿ ಎರಡೇ ಸಾಲು: ಪರಿಷ್ಕೃತ ಚಿತ್ರ ಲಗತ್ತಿಸಿದೆ, ದಯವಿಟ್ಟು ಒಪ್ಪಿಗೆ ನೀಡಿ.

ನಾನು ಆ ಕೆಲಸದ ಪ್ರಾಜೆಕ್ಟ್ ಮ್ಯಾನೇಜರ್. ಅಂಥ ಎರಡು ಸಾಲಿನ ಪತ್ರಗಳನ್ನು ಅದಕ್ಕೆ ಮೊದಲು ಎಷ್ಟೋ ಬರೆದಿದ್ದೆ. ಹೆಚ್ಚಿನವರು ಪ್ರಶ್ನೆ ಕೇಳದೆ ಸಹಿ ಹಾಕಿ ಕಳಿಸುತ್ತಿದ್ದರು. ಇವರು ಹಾಕಲಿಲ್ಲ. ಅವರು ಹಾಗೆ ನಿಲ್ಲಿಸಿದ್ದರಿಂದಲೇ ಆ ಚಿತ್ರದಲ್ಲಿ ಉಳಿದುಕೊಂಡಿದ್ದ ಒಂದು ತಪ್ಪು ಕೂಡ ಹೊರಬಿತ್ತು. ಅದಕ್ಕೇ ಈ ಪತ್ರದ ಕಥೆಯನ್ನು ಹೇಳುತ್ತಿದ್ದೇನೆ.

ಮೊದಲು ಚಿತ್ರ ಯಾವುದು ಎಂಬುದು ತಿಳಿಯಬೇಕು. ಪ್ರಕ್ರಿಯೆಯ ಚಿತ್ರವೆಂದರೆ ಕಟ್ಟಡದ ನಕ್ಷೆಯಲ್ಲ. ಅದರಲ್ಲಿ ಡಬ್ಬಿ ದೊಡ್ಡದಾಗಿದ್ದರೆ ತೊಟ್ಟಿ ದೊಡ್ಡದೆಂದಲ್ಲ, ಗೆರೆ ಉದ್ದವಾಗಿದ್ದರೆ ಪೈಪು ಉದ್ದವೆಂದಲ್ಲ. ಯಾವುದರಿಂದ ಯಾವುದಕ್ಕೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ, ಇಷ್ಟನ್ನೇ ಅದು ಹೇಳುತ್ತದೆ. ಡಬ್ಬಿಗಳು ತೊಟ್ಟಿ ಮತ್ತು ಫಿಲ್ಟರ್‌ಗಳು. ಬಾಣಗಳು ನೀರು, ಕೆಸರು, ಗಾಳಿ ಸಾಗುವ ದಿಕ್ಕು. ಬಾಣದ ಪಕ್ಕದ ಅಂಕಿ ಪ್ರಮಾಣ. ನಮ್ಮ ಕಚೇರಿಯಲ್ಲಿ ನೀರಿಗೆ ಅಖಂಡ ಗೆರೆ, ಕೆಸರಿಗೆ ತುಂಡು ಗೆರೆ, ಗಾಳಿಗೆ ಚುಕ್ಕೆಯ ಗೆರೆ ಹಾಕುತ್ತೇವೆ. ಎರಡು ಗೆರೆ ಒಂದನ್ನೊಂದು ದಾಟಿಹೋದರೆ, ಒಂದರ ಮೇಲೆ ಸಣ್ಣ ಕಮಾನು ಎಬ್ಬಿಸುತ್ತೇವೆ. ಕಮಾನು ಇಲ್ಲದಿದ್ದರೆ ಆ ಎರಡು ಪೈಪುಗಳು ಅಲ್ಲಿ ಕೂಡಿಕೊಂಡಿವೆ ಎಂದು ಓದುವ ಅಪಾಯವಿದೆ.

ಈ ಅಪಾರ್ಟ್‌ಮೆಂಟಿನಲ್ಲಿ 240 ಮನೆಗಳು. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿದರೆ ದಿನದ ಬಳಕೆ 1,30,000 ಲೀಟರಿನ ಹತ್ತಿರ. ಅದರಲ್ಲಿ ಸುಮಾರು 1,20,000 ಲೀಟರ್ ಕೊಳಚೆಯಾಗಿ ಕೆಳಗಿಳಿಯುತ್ತದೆ. ಈ ನೀರು ಮೊದಲು ಕಬ್ಬಿಣದ ಜಾಲರಿಯ ಮೂಲಕ ಹಾದು ಬಟ್ಟೆ ಚೂರು, ಪ್ಲಾಸ್ಟಿಕ್ ಕಳೆದುಕೊಳ್ಳುತ್ತದೆ. ಆಮೇಲೆ ಈಕ್ವಲೈಸೇಶನ್ ತೊಟ್ಟಿ. ಅಲ್ಲಿಂದ ಪಂಪು ಅದನ್ನು ಏರೇಷನ್ ತೊಟ್ಟಿಗೆ ಎತ್ತುತ್ತದೆ. ಅಲ್ಲಿ ಬ್ಲೋವರ್ ಊದುವ ಗಾಳಿಯಿಂದ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಬಳಿಕ ನೀರು ತಿಳಿಯಾಗುವ ತೊಟ್ಟಿಯಲ್ಲಿ ಆ ಜೀವಿಗಳ ರಾಶಿ ಕೆಸರಾಗಿ ತಳಕ್ಕೆ ಕೂರುತ್ತದೆ, ತಿಳಿನೀರು ಮೇಲಿನಿಂದ ಹೊರಳಿ ಮುಂದೆ ಹೋಗುತ್ತದೆ. ಕೊನೆಗೆ ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಸ್ವಲ್ಪ ಕ್ಲೋರಿನ್. ಅಲ್ಲಿಗೆ ನೀರು ಫ್ಲಶ್‌ಗೆ ಮತ್ತು ತೋಟಕ್ಕೆ ಸಿದ್ಧ.

ಕೆಲಸ ನಮಗೆ ಬಂದದ್ದು ಒಂದು ದೂರಿನಿಂದ. ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಫ್ಲಶ್ ನೀರು ಕಂದು ಬಣ್ಣದ್ದಾಗಿ, ವಾಸನೆ ಹೊತ್ತು ಬರುತ್ತಿತ್ತು. ಮಧ್ಯಾಹ್ನ ಸರಿಹೋಗುತ್ತಿತ್ತು. ಹಳೆಯ ಘಟಕವನ್ನು ನವೀಕರಿಸಿ ಕೊಡಿ ಎಂದರು. ನಾವು ಹಳೆಯ ದಾಖಲೆ ನೋಡಿ, ಹೊಸ ಫಿಲ್ಟರ್, ಹೊಸ ಬ್ಲೋವರ್, ಹೊಸ ಪಂಪುಗಳ ಜೊತೆ 'ಎ' ಚಿತ್ರ ಬರೆದೆವು. ಈಕ್ವಲೈಸೇಶನ್ ತೊಟ್ಟಿ ಮಾತ್ರ ಹಳೆಯದೇ, 20,000 ಲೀಟರಿನದು. ದಿನಕ್ಕೆ 1,20,000 ಲೀಟರ್ ಎಂದರೆ ಗಂಟೆಗೆ ಸರಾಸರಿ 5,000. ನಾಲ್ಕು ಗಂಟೆಯ ಹರಿವನ್ನು ಹಿಡಿಯುವ ತೊಟ್ಟಿ ಸಾಕು ಎಂಬ ವಾಡಿಕೆಯ ಲೆಕ್ಕಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು.

ಆದರೆ ಜನ ಸರಾಸರಿಯ ಪ್ರಕಾರ ಸ್ನಾನ ಮಾಡುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಸ್ನಾನ, ಶೌಚ, ವಾಶಿಂಗ್ ಮಶಿನ್, ಅಡುಗೆಮನೆ ಎಲ್ಲವೂ ಒಟ್ಟಿಗೆ. ಕೆಲಸ ಶುರುವಾಗುವ ಮೊದಲು ಒಂದು ವಾರ ಅಳೆದೇ ನೋಡೋಣ ಎಂದು ತೊಟ್ಟಿಯ ಗೋಡೆಗೆ ಬಣ್ಣದಲ್ಲಿ ಸೆಂಟಿಮೀಟರ್ ಗುರುತು ಹಾಕಿಸಿದೆ. ತೊಟ್ಟಿಯ ತಳ ಎಂಟು ಚದರ ಮೀಟರ್. ಆದ್ದರಿಂದ ನೀರು ಹತ್ತು ಸೆಂಟಿಮೀಟರ್ ಏರಿದರೆ 800 ಲೀಟರ್ ಬಂತೆಂದು ಲೆಕ್ಕ. ಬೆಳಗಿನ ಹೊತ್ತು ಆಪರೇಟರ್ ಎರಡು ಪಂಪನ್ನೂ ಹಾಕುತ್ತಿದ್ದ, ಇಲ್ಲದಿದ್ದರೆ ತೊಟ್ಟಿ ತುಂಬಿ ಚೆಲ್ಲುತ್ತಿತ್ತು. ಎರಡು ಪಂಪು ನಾಲ್ಕು ಗಂಟೆಯಲ್ಲಿ 40,000 ಲೀಟರ್ ಎತ್ತಿದ ಮೇಲೂ ನೀರು ಒಂದು ಮೀಟರ್ ಏರಿರುತ್ತಿತ್ತು. ಅಂದರೆ ಇನ್ನೂ 8,000 ಲೀಟರ್. ಒಟ್ಟು 48,000. ದಿನದ ನೀರಿನಲ್ಲಿ ನೂರಕ್ಕೆ ನಲವತ್ತು ಪಾಲು ಆ ನಾಲ್ಕೇ ಗಂಟೆಯಲ್ಲಿ ಬರುತ್ತಿತ್ತು.

ಕಂದು ನೀರಿನ ಕಾರಣ ಇಲ್ಲಿದೆ. ನೀರು ತಿಳಿಯಾಗುವ ತೊಟ್ಟಿಯ ಮೇಲ್ಮೈ ಏಳೂವರೆ ಚದರ ಮೀಟರ್. ಒಂದು ಪಂಪು ಓಡಿದರೆ ಅದರಲ್ಲಿ ನೀರು ಗಂಟೆಗೆ ಸುಮಾರು 67 ಸೆಂಟಿಮೀಟರ್ ವೇಗದಲ್ಲಿ ಮೇಲೇರುತ್ತದೆ. ಕೆಸರು ಅದಕ್ಕಿಂತ ಬೇಗ ಕೆಳಗಿಳಿಯುತ್ತದೆ, ಹಾಗಾಗಿ ತಳ ಸೇರುತ್ತದೆ. ಎರಡು ಪಂಪು ಓಡಿದರೆ ಆ ವೇಗ ಗಂಟೆಗೆ 1.33 ಮೀಟರ್ ಆಗುತ್ತದೆ. ಕೂರಬೇಕಾದ ಹಗುರ ಕೆಸರು ನೀರಿನ ಜೊತೆಗೇ ಎದ್ದು ಹೊರಳಿ ಫಿಲ್ಟರಿಗೆ ನುಗ್ಗುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪಾಪ, ಆಪರೇಟರ್ ತೊಟ್ಟಿ ಚೆಲ್ಲದಂತೆ ನೋಡಿಕೊಳ್ಳುತ್ತಿದ್ದ. ಅದರ ಫಲ ಮೂರು ಡಬ್ಬಿ ಆಚೆ, ಒಂಬತ್ತನೇ ಮಹಡಿಯ ಶೌಚಾಲಯದಲ್ಲಿ ಕಾಣಿಸುತ್ತಿತ್ತು. ಹೊಸ ಫಿಲ್ಟರ್ ಹಾಕಿದ್ದರೂ ಅದು ಹೋಗುತ್ತಿರಲಿಲ್ಲ.

ಹೀಗಾಗಿ 'ಬಿ' ಚಿತ್ರದಲ್ಲಿ ಈಕ್ವಲೈಸೇಶನ್ ಡಬ್ಬಿಯೊಳಗಿನ 20 ಎಂಬ ಅಂಕಿ 36 ಆಯಿತು. ಎರಡನೆಯ ಬದಲಾವಣೆ ಒಂದು ಬಾಣದ್ದು. ಮರಳಿನ ಫಿಲ್ಟರ್ ದಿನಕ್ಕೊಮ್ಮೆಯಾದರೂ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ಇದಕ್ಕೆ ಬ್ಯಾಕ್‌ವಾಶ್ ಎನ್ನುತ್ತಾರೆ. ಎರಡೂ ಫಿಲ್ಟರ್ ತೊಳೆದರೆ ಸುಮಾರು 5,000 ಲೀಟರ್ ಕೆಸರು ನೀರು ಬರುತ್ತದೆ. ಹಳೆಯ ಘಟಕದಲ್ಲಿ ಅದರ ಪೈಪು ಮಳೆನೀರಿನ ಚರಂಡಿಗೆ ಹೋಗುತ್ತಿತ್ತು. ಇದ್ದದ್ದನ್ನು ಇದ್ದಂತೆ ನಕಲು ಮಾಡಿ ನಾವು 'ಎ' ಚಿತ್ರದಲ್ಲೂ ಆ ಬಾಣವನ್ನು ಹಾಗೇ ಬರೆದಿದ್ದೆವು. ಅದು ನಮ್ಮ ತಪ್ಪು. ಮಳೆನೀರಿನ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. 2015ರಲ್ಲಿ, ಮತ್ತೆ 2017ರಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿ ಎದ್ದದ್ದನ್ನು ಬೆಂಗಳೂರು ನೋಡಿದೆ. ಊರಿನ ಕೊಳಚೆ ಕೆರೆಗೆ ಹೋಗುವ ದಾರಿಗಳಲ್ಲಿ ಇಂಥ ಸಣ್ಣ ಬಾಣಗಳೂ ಇವೆ. 'ಬಿ' ಚಿತ್ರದಲ್ಲಿ ಅದನ್ನು ತಿರುಗಿಸಿ ಜಾಲರಿಯ ಮುಂದಕ್ಕೆ ತಂದೆವು. ಫಿಲ್ಟರ್ ತೊಳೆದ ನೀರು ಮತ್ತೆ ಮೊದಲಿನಿಂದ ಶುದ್ಧವಾಗುತ್ತದೆ.

ಒಂದು ಬಾಣ ತಿರುಗಿದರೆ ಅದರೊಂದಿಗೆ ಅಂಕಿಗಳೂ ಕದಲುತ್ತವೆ. ಈಗ ದಿನಕ್ಕೆ ಘಟಕದೊಳಗೆ ಸುತ್ತುವ ನೀರು 1,20,000 ಅಲ್ಲ, 1,25,000. ಪಂಪು ಗಂಟೆಗೆ 5,000ದ ಬದಲು 5,200 ಲೀಟರ್ ಎತ್ತಬೇಕು. ತಿಳಿಯಾಗುವ ತೊಟ್ಟಿಯಲ್ಲಿ ನೀರೇರುವ ವೇಗ 67ರಿಂದ 69 ಸೆಂಟಿಮೀಟರಿಗೆ ಹೋಗುತ್ತದೆ. ಅಷ್ಟನ್ನು ಅದು ತಾಳಿಕೊಳ್ಳುತ್ತದೆ, ಆದ್ದರಿಂದ ಆ ತೊಟ್ಟಿಯನ್ನು ಮುಟ್ಟಬೇಕಿಲ್ಲ.

ಇಷ್ಟೆಲ್ಲ ಲೆಕ್ಕ ನನ್ನ ಪುಸ್ತಕದಲ್ಲಿತ್ತು. ಕಾರ್ಯದರ್ಶಿಯವರ ಕೈಗೆ ಹೋದದ್ದು ಮಾತ್ರ ಎರಡು ಸಾಲು. ಅವರು ಹಾಳೆಗಳನ್ನು ಮಡಚಿ ಕೊಡುತ್ತಾ ಹೇಳಿದರು: "ಉತ್ತರ ಸರಿ ಇರಬಹುದು. ಆದರೆ ನಾನು ಮಕ್ಕಳಿಗೆ ಲೆಕ್ಕ ಬಿಡಿಸಿದ ಕ್ರಮ ತೋರಿಸದಿದ್ದರೆ ಅಂಕ ಕೊಡ್ತಿರಲಿಲ್ಲ."

ಪತ್ರ ಬರೆಯಲು ಕೂತೆ. ಬರೆದು ಮುಗಿಸಿದ ಮೇಲೆ, ಕಳಿಸುವ ಮೊದಲು ಘಟಕಕ್ಕೆ ಹೋಗಿ ಆಪರೇಟರಿಗೆ ಓದಿ ಹೇಳಿದೆ. ಐದು ವರ್ಷದಿಂದ ಅಲ್ಲಿ ದುಡಿಯುತ್ತಿರುವ ಹುಡುಗ. ತೊಟ್ಟಿ ದೊಡ್ಡದಾಗುತ್ತದೆ ಎಂಬಲ್ಲಿಗೆ ಬಂದಾಗ ತಡೆದ.

"ಸಾರ್, ಅಷ್ಟು ದೊಡ್ಡ ತೊಟ್ಟಿಗೆ ಗಾಳಿ ಎಲ್ಲಿಂದ ಬರುತ್ತೆ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈಕ್ವಲೈಸೇಶನ್ ತೊಟ್ಟಿಯಲ್ಲಿ ನೀರು ಸುಮ್ಮನೆ ನಿಂತರೆ ಕೊಳೆತು ನಾರುತ್ತದೆ, ಕಸ ತಳಕ್ಕೆ ಕೂರುತ್ತದೆ. ಅದಕ್ಕೇ ತಳದಲ್ಲಿ ತೂತಿನ ಪೈಪು ಹಾಸಿ ಗಾಳಿ ಊದುತ್ತಾರೆ. ಸಾವಿರ ಲೀಟರ್ ತೊಟ್ಟಿಗೆ ಗಂಟೆಗೆ ಸುಮಾರು ಒಂದೂವರೆ ಘನ ಮೀಟರ್ ಗಾಳಿ ಎಂದು ನಾವು ಹಿಡಿಯುವುದು. 16,000 ಲೀಟರ್ ಹೆಚ್ಚಾದರೆ ಗಂಟೆಗೆ 24 ಘನ ಮೀಟರ್ ಗಾಳಿ ಹೆಚ್ಚು ಬೇಕು. ನಾವು ಆರಿಸಿದ್ದ ಬ್ಲೋವರಿನಲ್ಲಿ ಅಷ್ಟು ಬಿಡುವು ಇರಲಿಲ್ಲ. ಗಾಳಿಯ ಚುಕ್ಕೆ ಗೆರೆ 'ಬಿ' ಚಿತ್ರದಲ್ಲಿ ಹಳೆಯ ಅಂಕಿಯೊಂದಿಗೇ ಉಳಿದುಬಿಟ್ಟಿತ್ತು. ನೀರಿನ ಬಾಣ ತಿದ್ದಿದವರು ಗಾಳಿಯ ಬಾಣ ನೋಡಿರಲಿಲ್ಲ.

ಚಿತ್ರ ತಿದ್ದುವಾಗ ಅತಿ ಹೆಚ್ಚು ಆಗುವ ತಪ್ಪು ಇದೇ. ಬದಲಾದ ಡಬ್ಬಿಯನ್ನು ಎಲ್ಲರೂ ನೋಡುತ್ತಾರೆ. ಆ ಡಬ್ಬಿಗೆ ಬಂದು ಸೇರುವ, ಅದರಿಂದ ಹೊರಡುವ ಪ್ರತಿ ಗೆರೆಯನ್ನೂ ಬೆರಳಿಟ್ಟು ಹಿಂಬಾಲಿಸುವವರು ಕಡಿಮೆ. ಪತ್ರ ಬರೆಯುವುದೆಂದರೆ ಹಾಗೆ ಬೆರಳಿಟ್ಟು ನಡೆಯುವುದೇ. ನೀರು ಎಲ್ಲೆಲ್ಲಿ ಹೋಗುತ್ತದೋ ಪತ್ರವೂ ಅಲ್ಲೆಲ್ಲ ಹೋಗಬೇಕು. ನಾನು ಮೊದಲೇ ಹಾಗೆ ಬರೆದಿದ್ದರೆ ಗಾಳಿಯ ಗೆರೆಯ ಬಳಿ ಎಡವಿ ನಿಲ್ಲುತ್ತಿದ್ದೆ.

ಚಿತ್ರ 'ಸಿ' ಆಯಿತು. ಬ್ಲೋವರಿನ ಮೋಟಾರು 5 ಎಚ್‌ಪಿ ಇದ್ದದ್ದು 7.5 ಆಯಿತು. ಹಳೆಯ ತೊಟ್ಟಿ, ಪಕ್ಕದಲ್ಲಿ ಕಟ್ಟುವ ಹೊಸ ತೊಟ್ಟಿ, ಇವೆರಡನ್ನೂ ಒಂದೇ ಡಬ್ಬಿಯಾಗಿ ಬರೆದಿದ್ದನ್ನು ಬಿಟ್ಟು ಎರಡು ಡಬ್ಬಿ ಮಾಡಿ, ತಳದಲ್ಲಿ ಅವನ್ನು ಕೂಡಿಸುವ ಪೈಪನ್ನೂ ತೋರಿಸಿದೆವು. ಕೊನೆಗೆ ಕಳಿಸಿದ ಪತ್ರವನ್ನು, ಹಣದ ವಿವರದ ಪಟ್ಟಿ ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

"ಮಾನ್ಯ ಕಾರ್ಯದರ್ಶಿಯವರಿಗೆ, ನಮಸ್ಕಾರ.

ನಿಮ್ಮ ಎಸ್‌ಟಿಪಿಯ ಪ್ರಕ್ರಿಯೆ ಚಿತ್ರದ 'ಸಿ' ಆವೃತ್ತಿಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಹಿಂದೆ ಕಳಿಸಿದ 'ಎ' ಮತ್ತು 'ಬಿ' ಎರಡೂ ಇನ್ನು ಲೆಕ್ಕಕ್ಕಿಲ್ಲ.

ಮೊದಲು ನಿಮ್ಮ ಸಂಘ ತೀರ್ಮಾನಿಸಬೇಕಾದ ವಿಷಯ. ಹೊಸ ಚಿತ್ರದಂತೆ ಕಟ್ಟಿದರೆ ನೆಲಮಾಳಿಗೆಯಲ್ಲಿ ಅತಿಥಿಗಳ ಕಾರು ನಿಲ್ಲುವ ಒಂದು ಜಾಗ ಹೋಗುತ್ತದೆ. ಖರ್ಚು ಮೊದಲಿನ ಅಂದಾಜಿಗಿಂತ 4,20,000 ರೂಪಾಯಿ ಹೆಚ್ಚಾಗುತ್ತದೆ. ಕೆಲಸ 18 ದಿನ ಹೆಚ್ಚು ಹಿಡಿಯುತ್ತದೆ. ಬ್ಲೋವರಿನ ಮೋಟಾರು ದೊಡ್ಡದಾಗುವುದರಿಂದ ಕರೆಂಟ್ ಬಿಲ್ಲೂ ಸ್ವಲ್ಪ ಏರುತ್ತದೆ. ಇದಕ್ಕೆ ಪ್ರತಿಯಾಗಿ ಬೆಳಗಿನ ಹೊತ್ತು ಎರಡು ಪಂಪು ಓಡಿಸುವ ಅಗತ್ಯ ತಪ್ಪುತ್ತದೆ. ಫ್ಲಶ್ ನೀರು ಕಂದಾಗುತ್ತಿದ್ದುದು ಅದರಿಂದಲೇ.

ಚಿತ್ರದಲ್ಲಿ ಮೋಡದಂಥ ಕೆಂಪು ಗೆರೆಯಿಂದ ಸುತ್ತುವರಿದ ನಾಲ್ಕು ಕಡೆ ಮಾತ್ರ ಬದಲಾಗಿದೆ. ನೀರು ಹರಿಯುವ ಕ್ರಮದಲ್ಲೇ ಹೇಳುತ್ತೇನೆ.

ಒಂದನೆಯ ಮೋಡ, ಈಕ್ವಲೈಸೇಶನ್ ತೊಟ್ಟಿ. 20,000 ಲೀಟರಿನ ಹಳೆಯ ತೊಟ್ಟಿಯ ಪಕ್ಕದಲ್ಲಿ 16,000 ಲೀಟರಿನ ಹೊಸದು ಸೇರುತ್ತದೆ. ನಿಮ್ಮಲ್ಲಿ ಬೆಳಿಗ್ಗೆ ಆರರಿಂದ ಹತ್ತರೊಳಗೆ 48,000 ಲೀಟರ್ ಬರುತ್ತದೆ ಎಂದು ಅಳೆದು ತಿಳಿದಿದ್ದೇವೆ. ಅಷ್ಟು ಹೊತ್ತಿನಲ್ಲಿ ಒಂದು ಪಂಪು ಸುಮಾರು 21,000 ಎತ್ತುತ್ತದೆ. ಉಳಿದ 27,000ಕ್ಕೆ ಜಾಗ ಬೇಕು. ಪಂಪು ಗಾಳಿ ಎಳೆಯದಂತೆ ತಳದಲ್ಲಿ ಸದಾ 4,000 ಲೀಟರ್ ಇರಬೇಕು. ಒಟ್ಟು 31,000. ಮಿಕ್ಕ 5,000 ಹಬ್ಬ ಹುಣ್ಣಿಮೆಗೆ, ನೆಂಟರು ಬಂದ ದಿನಗಳಿಗೆ.

ಎರಡನೆಯದು, ಆ ತೊಟ್ಟಿಯಿಂದ ಹೊರಡುವ ಪಂಪು. ಗಂಟೆಗೆ 5,000 ಇದ್ದದ್ದು 5,200 ಆಗಿದೆ. ಕಾರಣ ನಾಲ್ಕನೆಯದರಲ್ಲಿದೆ.

ಮೂರನೆಯದು, ಬ್ಲೋವರ್. ಹೊಸ ತೊಟ್ಟಿಗೂ ಗಾಳಿ ಬೇಕು. ಇದು 'ಬಿ' ಚಿತ್ರದಲ್ಲಿ ಬಿಟ್ಟುಹೋಗಿತ್ತು. ನಿಮ್ಮ ಆಪರೇಟರ್ ಕೇಳಿದ ಮೇಲೆ ಸರಿಪಡಿಸಿದ್ದೇವೆ.

ನಾಲ್ಕನೆಯದು, ಫಿಲ್ಟರ್ ತೊಳೆದ ನೀರಿನ ಬಾಣ. ಮೊದಲು ಅದು ಮಳೆನೀರಿನ ಚರಂಡಿಗೆ ಹೋಗುತ್ತಿತ್ತು. ಹಳೆಯ ಘಟಕದಲ್ಲಿದ್ದುದನ್ನು ಪರಿಶೀಲಿಸದೆ ನಾವು ಹಾಗೇ ಬರೆದದ್ದು ತಪ್ಪು. ಈಗ ಅದು ಜಾಲರಿಯ ಮುಂದೆ ಬಂದು ಸೇರುತ್ತದೆ. ಇದರಿಂದ ದಿನಕ್ಕೆ 5,000 ಲೀಟರ್ ಮರಳಿ ಒಳಗೆ ಬರುತ್ತದೆ.

ಇಲ್ಲಿ ಚಿತ್ರದಲ್ಲಿ ಕಾಣದ ಒಂದು ಷರತ್ತಿದೆ. ಫಿಲ್ಟರನ್ನು ಬೆಳಿಗ್ಗೆ ತೊಳೆದರೆ ಆ 5,000 ಲೀಟರ್ ಬಂದು ತೊಟ್ಟಿ ಅಂಚಿನವರೆಗೆ ತುಂಬಿಬಿಡುತ್ತದೆ, ಬಿಡುವೇ ಉಳಿಯುವುದಿಲ್ಲ. ಆದ್ದರಿಂದ ಇನ್ನು ಮುಂದೆ ರಾತ್ರಿ ಹನ್ನೊಂದರ ಮೇಲೆ ತೊಳೆಯಬೇಕು. ರಾತ್ರಿ ಪಾಳಿಯವರಿಗೆ ಇದನ್ನು ಹೇಳಿಕೊಡುವ ಹೊಣೆ ನಮ್ಮದು.

ಜಾಲರಿ, ಏರೇಷನ್ ತೊಟ್ಟಿ, ನೀರು ತಿಳಿಯಾಗುವ ತೊಟ್ಟಿ, ಎರಡು ಫಿಲ್ಟರ್, ಕೆಸರಿನ ತೊಟ್ಟಿ, ಕೆಸರು ಹಿಂಡುವ ಯಂತ್ರ, ಫ್ಲಶ್ ಮತ್ತು ತೋಟಕ್ಕೆ ಹೋಗುವ ಪೈಪು, ಇವು ಯಾವುವೂ ಬದಲಾಗಿಲ್ಲ. ಒಳಗೆ ಸುತ್ತುವ ನೀರು ಹೆಚ್ಚಾದರೂ ಇವು ಸಾಕಾಗುತ್ತವೆಯೇ ಎಂದು ಒಂದೊಂದನ್ನೂ ಲೆಕ್ಕ ಹಾಕಿ ನೋಡಿದ್ದೇವೆ. ಲೆಕ್ಕದ ಹಾಳೆ ಜೊತೆಗಿದೆ.

ಒಪ್ಪಿಗೆಯಾದರೆ ಚಿತ್ರದ ಬಲಗೆಳಗಿನ ಮೂಲೆಯಲ್ಲಿ ಸಹಿ ಮಾಡಿ ಕಳಿಸಿ. ಕಾರು ನಿಲ್ಲುವ ಜಾಗ ಬಿಡಲು ಆಗದಿದ್ದರೆ ಅದನ್ನೇ ತಿಳಿಸಿ. ಬೇರೆ ದಾರಿ ಇದೆ, ಆದರೆ ಖರ್ಚು ಇದಕ್ಕಿಂತ ಹೆಚ್ಚು.

ಇಂತಿ ವಂದನೆಗಳೊಂದಿಗೆ."

ಈ ಪತ್ರದಲ್ಲಿ ಕಾರಿನ ಜಾಗ ಮೊದಲು ಬಂದದ್ದು ಯೋಚಿಸಿ ಮಾಡಿದ ಕೆಲಸ. ನಮ್ಮ ವೃತ್ತಿಯಲ್ಲಿ ಕಹಿ ಸುದ್ದಿಯನ್ನು ಮೂರನೇ ಪುಟಕ್ಕೆ ತಳ್ಳುವ ಅಭ್ಯಾಸವಿದೆ. ಓದುವವರಿಗೆ ತಾಂತ್ರಿಕ ಕಾರಣ ಮೊದಲು ತಿಳಿದರೆ ಖರ್ಚನ್ನು ಒಪ್ಪುತ್ತಾರೆ ಎಂಬ ವಾದ ಅದರ ಹಿಂದಿದೆ. ಅನುಭವ ಬೇರೆಯೇ ಹೇಳುತ್ತದೆ. ಏನು ಕಳೆದುಕೊಳ್ಳುತ್ತೇವೆ ಎಂದು ಗೊತ್ತಿಲ್ಲದೆ ಓದುವವರು ಪ್ರತಿ ಸಾಲಿನಲ್ಲೂ ಅದನ್ನೇ ಹುಡುಕುತ್ತಾ ಹೋಗುತ್ತಾರೆ, ಕಾರಣ ಅವರ ತಲೆಗೆ ಇಳಿಯುವುದೇ ಇಲ್ಲ. ಮೊದಲೇ ಹೇಳಿದರೆ ಕೋಪ ಬರಬಹುದು, ಬಂದರೂ ಆಮೇಲೆ ಗಮನವಿಟ್ಟು ಓದುತ್ತಾರೆ.

ಬದಲಾಗದ್ದರ ಪಟ್ಟಿಯೂ ಬದಲಾದದ್ದರಷ್ಟೇ ಮುಖ್ಯ ಎಂದು ನನಗೆ ಅನ್ನಿಸುವುದು ಇನ್ನೊಂದು ಕಾರಣಕ್ಕೆ. ಕೆಂಪು ಮೋಡ ಎಲ್ಲೆಲ್ಲಿ ಇಲ್ಲವೋ ಅಲ್ಲೆಲ್ಲ ಬದಲಾವಣೆ ಇಲ್ಲ ಎಂದು ಓದುವವರು ನಂಬುತ್ತಾರೆ. ಚಿತ್ರ ಬರೆಯುವವರು ಸಣ್ಣದೊಂದು ತಿದ್ದುಪಡಿಯನ್ನು ಮೋಡ ಹಾಕದೆ ಸೇರಿಸಿಬಿಟ್ಟರೆ ಆ ನಂಬಿಕೆ ಮುರಿಯುತ್ತದೆ. ಹಾಗೆ ಮುರಿದದ್ದು ಕಾಣುವುದು ಸಾಮಾನ್ಯವಾಗಿ ಪೈಪು ಜೋಡಿಸಿದ ಮೇಲೆಯೇ. 'ಇವು ಬದಲಾಗಿಲ್ಲ' ಎಂದು ಹೆಸರು ಹಿಡಿದು ಬರೆದು ಸಹಿ ಹಾಕಬೇಕಾದಾಗ ಬರೆಯುವವರೇ ಇನ್ನೊಮ್ಮೆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬೆಳಕಿನ ಮೇಜಿನ ಮೇಲೆ ಒಂದರ ಮೇಲೊಂದು ಹಾಳೆ ಇಟ್ಟು ನೋಡುತ್ತಿದ್ದ ಕಾಲದ ಅಭ್ಯಾಸ ಇದು. ಈಗ ಕಂಪ್ಯೂಟರಿನಲ್ಲಿ ಎರಡು ಚಿತ್ರ ಹೋಲಿಸುವುದು ಸುಲಭ. ಹಾಗಿದ್ದೂ ಆ ಕೆಲಸವನ್ನು ಮಾಡದೆ ಬಿಡುವವರನ್ನು ನೋಡಿದ್ದೇನೆ.

ಸಂಘದ ಸಭೆಯಲ್ಲಿ ಪತ್ರವನ್ನು ಕಾರ್ಯದರ್ಶಿಯವರೇ ಓದಿದರಂತೆ. ನಾನಿರಲಿಲ್ಲ. ಮರುದಿನ ಫೋನಿನಲ್ಲಿ ಮೂರು ಪ್ರಶ್ನೆ ಬಂದವು. ಹೊಸ ತೊಟ್ಟಿಯ ಮೇಲೆ ಚಪ್ಪಡಿ ಹಾಕಿ ಅಲ್ಲೇ ಕಾರು ನಿಲ್ಲಿಸಬಾರದೇ ಎಂಬುದು ಮೊದಲನೆಯದು. ತೊಟ್ಟಿ ತೊಳೆಯಲು, ತಳದ ಗಾಳಿ ಪೈಪು ಎತ್ತಲು ಮುಚ್ಚಳ ತೆರೆಯಲೇಬೇಕು, ಜೊತೆಗೆ ಅಲ್ಲಿಂದ ಹೊರಡುವ ವಿಷಾನಿಲಕ್ಕೆ ಹೊರದಾರಿ ಇರಬೇಕು, ಆದ್ದರಿಂದ ಆಗದು ಎಂದೆ. ಚಿತ್ರದಲ್ಲಿ ಹೊಸ ಡಬ್ಬಿ ಹಳೆಯದಕ್ಕಿಂತ ದೊಡ್ಡದಾಗಿ ಕಾಣುತ್ತದಲ್ಲ ಎಂಬುದು ಎರಡನೆಯದು. ಅದಕ್ಕೆ ಉತ್ತರವನ್ನು ಈ ಬರಹದ ಮೊದಲಲ್ಲೇ ಹೇಳಿದ್ದೇನೆ. ಆದರೆ ಅದನ್ನು ಪತ್ರದಲ್ಲೂ ಒಂದು ಸಾಲಿನಲ್ಲಿ ಹೇಳಬೇಕಿತ್ತು. ಈಗ ಪ್ರತಿ ಪತ್ರದಲ್ಲೂ ಹೇಳುತ್ತೇನೆ.

ಮೂರನೆಯ ಪ್ರಶ್ನೆ ತೂಕದ್ದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯುವಾಗ ಕೊಟ್ಟಿದ್ದ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸವಾದರೆ ಏನು? ಘಟಕ ಕಟ್ಟುವ ಮೊದಲು ಒಂದು, ನಡೆಸಲು ಇನ್ನೊಂದು ಅನುಮತಿಯನ್ನು ಮಂಡಳಿಯಿಂದ ಪಡೆಯಬೇಕು. ಆ ಕಡತದಲ್ಲಿ ಪ್ರಕ್ರಿಯೆಯ ಚಿತ್ರವೂ ಇರುತ್ತದೆ. ತಪಾಸಣೆಗೆ ಬಂದವರಿಗೆ ಕಡತದಲ್ಲಿ ಒಂದು, ನೆಲದಲ್ಲಿ ಇನ್ನೊಂದು ಕಾಣಬಾರದು. ಬದಲಾವಣೆಯನ್ನು ಬರೆದು ತಿಳಿಸಿ, ಹೊಸ ಚಿತ್ರವನ್ನು ಕಡತಕ್ಕೆ ಸೇರಿಸುವುದೇ ನೇರ ದಾರಿ. ನಾವು ಬರೆದ ಪತ್ರದ ನಾಲ್ಕು ಮೋಡಗಳ ಭಾಗವೇ ಆ ಅರ್ಜಿಗೂ ಆಧಾರವಾಯಿತು. ಎಸ್‌ಟಿಪಿಗಳ ವಿನ್ಯಾಸ ಮತ್ತು ನಿರ್ವಹಣೆಯ ಬಗ್ಗೆ ಇದೇ ಮಂಡಳಿ 2011ರಲ್ಲಿ ಒಂದು ಕೈಪಿಡಿ ಪ್ರಕಟಿಸಿದೆ. ಅದನ್ನು ಬರೆದವರು ಡಾ. ಅನಂತ ಕೊಡವಸಾಲ್. ಪ್ರತಿ ತೊಟ್ಟಿ ಏಕೆ ಇದೆ, ಅದರಲ್ಲಿ ಏನು ಕೆಡುತ್ತದೆ ಎಂದು ಸಾಮಾನ್ಯರಿಗೂ ತಿಳಿಯುವಂತೆ ಚಿತ್ರಗಳೊಂದಿಗೆ ವಿವರಿಸುವ ಪುಸ್ತಕ. ಸಂಘದ ಪದಾಧಿಕಾರಿಗಳು ಓದಲೇಬೇಕಾದದ್ದು ಎಂಬುದು ನನ್ನ ಅಭಿಪ್ರಾಯ.

ಸಹಿ ಬಂತು. ಸಹಿಯಾದ ಮೇಲೆ ಅಕ್ಷರದ ಆವೃತ್ತಿಗಳು ಮುಗಿದು, ಕಟ್ಟಲು ಯೋಗ್ಯವಾದ ಚಿತ್ರಕ್ಕೆ ನಮ್ಮಲ್ಲಿ ಸೊನ್ನೆ ಎಂಬ ಅಂಕಿ ಕೊಡುತ್ತೇವೆ. ಮುಂದೆ ತಿದ್ದಿದರೆ ಒಂದು, ಎರಡು. ಅಕ್ಷರವಿರುವ ಹಾಳೆ ಹಿಡಿದು ಯಾರೂ ಗೋಡೆ ಕಟ್ಟಬಾರದು ಎಂಬುದೇ ಈ ಕ್ರಮದ ಉದ್ದೇಶ.

ಆದರೂ ಹಳೆಯ ಹಾಳೆಗಳು ಎಲ್ಲೋ ಉಳಿದಿರುತ್ತವೆ. ಇಲ್ಲೂ ಹಾಗೇ ಆಯಿತು. ಹೊಸ ತೊಟ್ಟಿಯ ಗೋಡೆ ಏಳುತ್ತಿದ್ದಾಗ ಪೈಪು ಜೋಡಿಸುವ ತಂಡದವರು ಫಿಲ್ಟರಿನ ಬ್ಯಾಕ್‌ವಾಶ್ ಪೈಪನ್ನು ಮತ್ತೆ ಚರಂಡಿಯ ಕಡೆಗೇ ಎಳೆಯಲು ಗೋಡೆಯ ಮೇಲೆ ಸುಣ್ಣದ ಗುರುತು ಹಾಕಿದ್ದರು. ಅವರ ಮೇಸ್ತ್ರಿಯ ಜೇಬಿನಲ್ಲಿದ್ದದ್ದು ನಾಲ್ಕು ಮಡಿಕೆಯ 'ಎ' ಚಿತ್ರ. ಗುರುತನ್ನು ಕಂಡು ತಡೆದದ್ದು ಆಪರೇಟರ್. ಪತ್ರದಲ್ಲಿ ಆ ಬಾಣದ ಬಗ್ಗೆ ಓದಿ ಕೇಳಿದ್ದರಿಂದ ಅವನಿಗೆ ನೆನಪಿತ್ತು. ಅಂದಿನಿಂದ ಹೊಸ ಚಿತ್ರ ಕೊಡುವಾಗ ಹಳೆಯದನ್ನು ಕೈಯಿಂದ ವಾಪಸು ಪಡೆದು, ಎಷ್ಟು ಪ್ರತಿ ಮರಳಿ ಬಂದವು ಎಂದು ಎಣಿಸಿ ಬರೆದಿಡುತ್ತೇನೆ. 'ರದ್ದು' ಎಂದು ಮೊಹರು ಹಾಕಿದರೆ ಸಾಲದು. ಜೇಬಿನಲ್ಲಿರುವ ಪ್ರತಿಗೆ ಮೊಹರು ಬೀಳುವುದಿಲ್ಲ.

ಘಟಕ ಮತ್ತೆ ಓಡಲು ಶುರುವಾದ ಮೇಲೆ ಗೋಡೆಯ ಸೆಂಟಿಮೀಟರ್ ಗುರುತುಗಳನ್ನು ಮತ್ತೊಂದು ವಾರ ಓದಿದೆವು. ಬೆಳಿಗ್ಗೆ ಹತ್ತಕ್ಕೆ ಎರಡು ತೊಟ್ಟಿಯಲ್ಲೂ ನೀರು ತಳದಿಂದ ಎರಡು ಮೀಟರ್ ಹದಿನೈದು ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ತೊಟ್ಟಿಯ ಆಳ ಎರಡೂವರೆ ಮೀಟರ್. 31,000 ಲೀಟರ್ ಎಂದು ಕಾಗದದ ಮೇಲೆ ಹಾಕಿದ್ದ ಲೆಕ್ಕಕ್ಕೆ ಅದು ಸರಿಹೊಂದಿತು. ಎರಡನೇ ಪಂಪು ಈಗ ಮೊದಲನೆಯದು ಕೆಟ್ಟಾಗ ಮಾತ್ರ ಓಡುತ್ತದೆ.

ನೀವು ಅಪಾರ್ಟ್‌ಮೆಂಟಿನಲ್ಲಿ ಇರುವವರಾದರೆ ಒಮ್ಮೆ ಎಸ್‌ಟಿಪಿ ಕೋಣೆಗೆ ಇಳಿದು ಗೋಡೆಯ ಮೇಲಿನ ಚಿತ್ರವನ್ನು ನೋಡಿ. ಅದರ ಮೂಲೆಯಲ್ಲಿ ಯಾವ ಆವೃತ್ತಿ, ಯಾವ ದಿನಾಂಕ ಇದೆ ಎಂದು ಓದಿ. ಆಮೇಲೆ ಮರಳಿನ ಫಿಲ್ಟರ್ ಹುಡುಕಿ, ಅದನ್ನು ತೊಳೆದ ನೀರಿನ ಬಾಣದ ಮೇಲೆ ಬೆರಳಿಟ್ಟು ಅದು ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಚರಂಡಿಯಲ್ಲಿ ಮುಗಿದರೆ, ಅದನ್ನು ತಿರುಗಿಸಿ ಕೊಡಿ ಎಂದು ನಿಮ್ಮ ಸಂಘಕ್ಕೆ ಇವತ್ತೇ ಬರೆಯಿರಿ.